ನೆಕ್‌ಲೈನ್ ಓರೆ ಇದ್ದಾಗ ಟಾರ್ಗೆಟ್ ಎಲ್ಲಿಂದ ಅಳೀಬೇಕು?

ಪ್ರಶ್ನೆ: ಸರ್, ಒಂದು ಮಿಡ್‌ಕ್ಯಾಪ್ ಸ್ಟಾಕಲ್ಲಿ ಡೈಲಿ ಚಾರ್ಟ್ ಮೇಲೆ ಹೆಡ್ ಅಂಡ್ ಶೋಲ್ಡರ್ಸ್ ಸಿಕ್ತು. ಎಡ ಭುಜ 563, ಆಮೇಲೆ 520ಕ್ಕೆ ಇಳೀತು, ತಲೆ 612, ಮತ್ತೆ 532ಕ್ಕೆ ಇಳೀತು, ಬಲ ಭುಜ 571. 612ರಲ್ಲಿ 520 ಕಳೆದ್ರೆ 92, ಅದನ್ನ 520ರಿಂದ ಕಳೆದು ಟಾರ್ಗೆಟ್ 428 ಅಂತ ಇಟ್ಕೊಂಡೆ. 520 ಒಡೆದ ಮೇಲೆ 518ಕ್ಕೆ ಫ್ಯೂಚರ್ಸ್ ಸೆಲ್ ಮಾಡ್ದೆ, ಸ್ಟಾಪ್ 540. 459 ತನಕ ಬಂತು ಸರ್, ಕಾದೆ, ಅಲ್ಲಿಂದ ತಿರುಗಿ 540ಕ್ಕೆ ಹೋಗಿ ಸ್ಟಾಪ್ ಹೊಡೀತು. ಪ್ಯಾಟರ್ನ್ ಫೇಲ್ ಆಯ್ತಾ ಅಥವಾ ನನ್ನ ಲೆಕ್ಕಾನೇ ತಪ್ಪಾ? ಈಗ ಮತ್ತೆ ಸೆಲ್ ಮಾಡಬಹುದಾ? ಚಾರ್ಟ್ ಕಳಿಸಿದ್ದೀನಿ.

ಉತ್ತರ: ಪ್ಯಾಟರ್ನ್ ಫೇಲ್ ಆಗಿಲ್ಲ, ಅದು ಮಾಡಬೇಕಾದ ಕೆಲಸ ಹೆಚ್ಚುಕಮ್ಮಿ ಪೂರ್ತಿ ಮಾಡಿ ಮುಗಿಸಿದೆ, ನೀವು ಕಾಯ್ತಾ ಇದ್ದ 428 ಅನ್ನೋ ನಂಬರ್ ಮಾತ್ರ ಆ ಚಾರ್ಟಲ್ಲಿ ಯಾವತ್ತೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಂಗಾಗಿದೆ. ಎಲ್ಲಿ ಎಡವಿದ್ರಿ ಅಂತ ನಿಮ್ಮ ನಂಬರ್‌ಗಳನ್ನೇ ಇಟ್ಕೊಂಡು ನೋಡೋಣ.

ಮೊದಲು ನೆಕ್‌ಲೈನ್. ನೀವು 520ಕ್ಕೆ ಒಂದು ಅಡ್ಡ ಗೆರೆ ಎಳೆದು ಅದನ್ನೇ ನೆಕ್‌ಲೈನ್ ಅಂದ್ಕೊಂಡಿದ್ದೀರಿ. ಆದ್ರೆ ನೆಕ್‌ಲೈನ್ ಅಂದ್ರೆ ತಲೆಯ ಎರಡೂ ಕಡೆ ಇರೋ ಎರಡು ತಗ್ಗುಗಳನ್ನ ಸೇರಿಸೋ ಗೆರೆ, ಎಡಗಡೆ ತಗ್ಗು 520, ಬಲಗಡೆ ತಗ್ಗು 532, ಅಂದ್ಮೇಲೆ ಗೆರೆ ಬಲಕ್ಕೆ ಹೋಗ್ತಾ ಹೋಗ್ತಾ ಮೇಲೇಳಬೇಕು. ಚಾರ್ಟಲ್ಲಿ ಕ್ಯಾಂಡಲ್ ಎಣಿಸಿದೆ. 520ರ ತಗ್ಗನ್ನ ಸೊನ್ನೆ ಅಂತ ಇಟ್ಕೊಂಡ್ರೆ ತಲೆ ಬರೋದು 12ನೇ ಕ್ಯಾಂಡಲ್‌ಗೆ, 532ರ ತಗ್ಗು 24ನೇದಕ್ಕೆ. 24 ಕ್ಯಾಂಡಲಲ್ಲಿ 12 ರೂಪಾಯಿ ಏರಿದೆ, ಅಂದ್ರೆ ಗೆರೆ ದಿನಕ್ಕೆ 50 ಪೈಸೆ ಲೆಕ್ಕದಲ್ಲಿ ಮೇಲೆ ಹೋಗ್ತಿದೆ. ಇಲ್ಲಿ ದಿನ ಅಂದ್ರೆ ಟ್ರೇಡಿಂಗ್ ದಿನ, ಕ್ಯಾಲೆಂಡರ್ ದಿನ ಅಲ್ಲ, ಯಾಕಂದ್ರೆ ಚಾರ್ಟ್ ಶನಿವಾರ ಭಾನುವಾರ ಜಾಗ ಬಿಡಲ್ಲ, ಕ್ಯಾಲೆಂಡರ್ ಇಟ್ಕೊಂಡು ಎಣಿಸಿದ್ರೆ ಓರೆ ತಪ್ಪಾಗುತ್ತೆ.

ಈಗ ಎತ್ತರ. ಮನೆ ಕಟ್ಟೋವಾಗ ಮೇಸ್ತ್ರಿ ತೂಗುಗುಂಡು ಬಿಡ್ತಾನಲ್ಲ, ಹಂಗೆ ತಲೆಯ ತುದಿಯಿಂದ ನೇರ ಕೆಳಕ್ಕೆ ದಾರ ಬಿಡಿ, ಅದು ನೆಕ್‌ಲೈನ್‌ಗೆ ಎಲ್ಲಿ ತಾಗುತ್ತೋ ಅಲ್ಲಿವರೆಗಿನ ದೂರನೇ ಪ್ಯಾಟರ್ನಿನ ಎತ್ತರ. ಪಕ್ಕದ ತಗ್ಗಿಗೆ ಓರೆಯಾಗಿ ಅಳೆಯೋದಲ್ಲ, ಎರಡು ತಗ್ಗಲ್ಲಿ ಆಳವಾಗಿರೋದನ್ನ ಆರಿಸ್ಕೊಳ್ಳೋದೂ ಅಲ್ಲ. 12ನೇ ಕ್ಯಾಂಡಲಲ್ಲಿ ನಿಮ್ಮ ನೆಕ್‌ಲೈನ್ 526ರಲ್ಲಿತ್ತು. 612ರಲ್ಲಿ 526 ಕಳೀರಿ, 86. ನಿಮಗೆ ಬಂದಿದ್ದು 92. ಬರೀ 6 ರೂಪಾಯಿ ವ್ಯತ್ಯಾಸ, ಇಲ್ಲಿ ದೊಡ್ಡ ಅನಾಹುತ ಏನಾಗಿಲ್ಲ.

ಅನಾಹುತ ಆಗಿರೋದು ಮುಂದಿನ ಹೆಜ್ಜೇಲಿ. ಆ 86ನ್ನ ಎಲ್ಲಿಂದ ಕೆಳಗೆ ಇಳಿಬಿಡಬೇಕು? ತಗ್ಗಿಂದ ಅಲ್ಲ, ಬೆಲೆ ನೆಕ್‌ಲೈನ್‌ನ ಒಡೆದುಕೊಂಡು ಕೆಳಗೆ ಬಂದ ಜಾಗದಿಂದ. ನಿಮ್ಮ ಸ್ಟಾಕ್ ಒಡೆದಿದ್ದು 38ನೇ ಕ್ಯಾಂಡಲಲ್ಲಿ, ಆವತ್ತು ನೆಕ್‌ಲೈನ್ 539ರಲ್ಲಿತ್ತು, ಕ್ಲೋಸ್ ಆಗಿದ್ದು 531ಕ್ಕೆ. 539ರಲ್ಲಿ 86 ಕಳೆದ್ರೆ 453. ನೀವು 520ರಿಂದ ಕಳೆದಿದ್ದಕ್ಕೆ 19 ರೂಪಾಯಿ ಇಲ್ಲೇ ಹೋಯ್ತು, ಮೊದಲಿನ 6 ಸೇರಿಸಿ ಒಟ್ಟು 25. ಸ್ಟಾಕ್ 459ಕ್ಕೆ ಬಂದಿತ್ತು ಅಂದ್ರಿ. 86ರಲ್ಲಿ 80 ರೂಪಾಯಿ ದೂರ ಅದು ನಡೆದಾಗಿತ್ತು, ಉಳಿದಿದ್ದು ಬರೀ 6. ನೀವು ಮಾತ್ರ ಇನ್ನೂ 31 ರೂಪಾಯಿ ಬಾಕಿ ಇದೆ ಅಂತ ಕೂತಿದ್ರಿ.

ಎಕ್ಸೆಲ್‌ನಲ್ಲಿ ಹಾಕಿಟ್ಕೊಳ್ಳೋರಿಗೆ ಇಷ್ಟೇ ಸಾಕು, x ಅಂದ್ರೆ ಕ್ಯಾಂಡಲ್ ನಂಬರ್, T1 T2 ಅಂದ್ರೆ ಎರಡು ತಗ್ಗಿನ ಬೆಲೆ, x1 x2 ಅಂದ್ರೆ ಆ ತಗ್ಗುಗಳ ಕ್ಯಾಂಡಲ್ ನಂಬರ್:

```
neckline(x) = T1 + (x - x1) * (T2 - T1) / (x2 - x1)
height      = head - neckline(x_head)
target      = neckline(x_break) - height
```

ಎಕ್ಸೆಲ್ ಬೇಡ ಅಂದ್ರೆ ಟ್ರೆಂಡ್‌ಲೈನ್ ಟೂಲಿಂದ ಎರಡು ತಗ್ಗು ಸೇರಿಸಿ ಗೆರೆನ ಬಲಕ್ಕೆ ಎಳೀರಿ, ತಲೆ ಕೆಳಗೆ ಒಂದ್ಸಲ, ಒಡೆದ ಕ್ಯಾಂಡಲ್ ಹತ್ರ ಒಂದ್ಸಲ ಗೆರೆ ಮೇಲೆ ಕರ್ಸರ್ ಇಟ್ಟು ಬಲಗಡೆ ಸ್ಕೇಲಲ್ಲಿ ಬೆಲೆ ಓದ್ಕೊಳ್ಳಿ, ಎರಡು ನಿಮಿಷದ ಕೆಲಸ.

ಒಂದು ಗಮನಿಸಿ, ಚಾರ್ಟ್ ಲಾಗ್ ಸ್ಕೇಲಲ್ಲಿ ಇದ್ಯಾ ಮಾಮೂಲಿ ಸ್ಕೇಲಲ್ಲಿ ಇದ್ಯಾ ಅಂತ. ಲಾಗ್ ಸ್ಕೇಲಲ್ಲಿ ರೂಪಾಯಿ ಬದಲು ಶೇಕಡಾ ಲೆಕ್ಕ ನಡೆಯುತ್ತೆ. 612ರಿಂದ 526 ಅಂದ್ರೆ ಹತ್ರ ಹತ್ರ 14% ಇಳಿತ, ಅದೇ 14% ಇಳಿತನ 539ಕ್ಕೆ ಹಾಕಿದ್ರೆ 463 ಬರುತ್ತೆ. ಆ ಲೆಕ್ಕದಲ್ಲಿ ಟಾರ್ಗೆಟ್ ಮುಟ್ಟೇ ಬಿಟ್ಟಿತ್ತು. ಆದ್ರೆ ಆಟ ಮುಗಿದ ಮೇಲೆ ಯಾವುದು ಸರಿ ಹೊಂದುತ್ತೋ ಆ ಸ್ಕೇಲ್ ಆರಿಸ್ಕೊಳ್ಳೋದು ನಮಗೆ ನಾವೇ ಮಾಡ್ಕೊಳ್ಳೋ ಮೋಸ, ಸೆಲ್ ಮಾಡೋಕೆ ಮುಂಚೆ ಒಂದನ್ನ ಹಿಡ್ಕೊಳ್ಳಿ. ನಾನು ಪ್ಯಾಟರ್ನ್ ಎತ್ತರ ಬೆಲೆಯ 20% ಒಳಗಿದ್ರೆ ರೂಪಾಯಿ ಲೆಕ್ಕನೇ ಇಟ್ಕೋತೀನಿ, ಅದಕ್ಕಿಂತ ದೊಡ್ಡದಿದ್ರೆ ಶೇಕಡಾ. ದೊಡ್ಡ ಪ್ಯಾಟರ್ನಲ್ಲಿ ರೂಪಾಯಿ ಲೆಕ್ಕ ತಮಾಷೆ ಆಗ್ಬಿಡುತ್ತೆ, ತಲೆ 300, ನೆಕ್‌ಲೈನ್ 140 ಇದ್ರೆ ಟಾರ್ಗೆಟ್ ಮೈನಸ್ 20 ಬರುತ್ತೆ, ಯಾವ ಷೇರೂ ಅಲ್ಲಿಗೆ ಹೋಗಲ್ಲ.

ಸರಿ, ಈಗ ನೆಕ್‌ಲೈನ್ ಒಡೆಯೋ ವಿಷಯ, ಇದು ಟಾರ್ಗೆಟ್ ಲೆಕ್ಕಕ್ಕಿಂತ ಕಷ್ಟದ್ದು. ಮೊದಲನೇದಾಗಿ ಬಲ ಭುಜ ಇಳಿದು ನೆಕ್‌ಲೈನ್ ಒಡೆಯೋ ತನಕ ಅದು ಹೆಡ್ ಅಂಡ್ ಶೋಲ್ಡರ್ಸೇ ಅಲ್ಲ, ಬರೀ ಮೂರು ಗುಡ್ಡ. ಬಲ ಭುಜ ಅರ್ಧ ಮೂಡೋ ಹೊತ್ತಿಗೇ ಟಾರ್ಗೆಟ್ ಬರೆದು ಸ್ಕ್ರೀನ್‌ಶಾಟ್ ಹಂಚೋರನ್ನ ದಿನಾ ನೋಡ್ತೀನಿ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂದಂಗೆ. ಎರಡನೇದಾಗಿ ದಿನದ ಮಧ್ಯೆ ಗೆರೆ ಕೆಳಗೆ ಇಣುಕಿ ಬರೋದನ್ನ ಒಡೆಯೋದು ಅನ್ನಲ್ಲ, ಡೈಲಿ ಚಾರ್ಟಲ್ಲಿ ಡೈಲಿ ಕ್ಲೋಸ್ ಕೆಳಗಾಗಬೇಕು. ಎಷ್ಟು ಕೆಳಗೆ? ಹಳೇ ಕಾಲದ ಚಾರ್ಟ್ ನೋಡೋರು 3% ಅನ್ನೋರು, ಅಂದ್ರೆ ಕ್ಲೋಸ್ ನೆಕ್‌ಲೈನ್‌ಗಿಂತ 3% ಕೆಳಗೆ ಬಂದ್ರೆ ಮಾತ್ರ ನಂಬು ಅಂತ.

ಆ 3% ಸುಮ್ಮನೆ ಬಂದಿದ್ದಲ್ಲ ಅನ್ನೋಕೆ 2009ರ ಅಮೆರಿಕಾ ಮಾರ್ಕೆಟ್ ನೆನಪು ಮಾಡ್ಕೋಬೇಕು. ಎಸ್ ಅಂಡ್ ಪಿ 500 ಆ ವರ್ಷ ಮಾರ್ಚಲ್ಲಿ 667ಕ್ಕೆ ತಳ ಹಿಡಿದು ಎದ್ದಿತ್ತು, ಮೇನಲ್ಲಿ 930ರ ಹತ್ರ ಎಡ ಭುಜ, ಜೂನ್ 11ಕ್ಕೆ 956ರಲ್ಲಿ ತಲೆ, ಜುಲೈ ಶುರುವಲ್ಲಿ ಮತ್ತೆ 930ರ ಹತ್ರ ಬಲ ಭುಜ, ತಗ್ಗುಗಳು 880ರಿಂದ 890ರ ಆಸುಪಾಸು. ಪುಸ್ತಕದಲ್ಲಿ ಬರೆದಂಗಿತ್ತು, ಎಲ್ಲರ ಕಣ್ಣಿಗೂ ಬಿದ್ದಿತ್ತು, ಟಿವಿಯಲ್ಲೂ ಅದೇ ಮಾತು, ಅಳೆದ್ರೆ ಟಾರ್ಗೆಟ್ 800ರಿಂದ 820. ಜುಲೈ 7ಕ್ಕೆ 881ರಲ್ಲಿ ಕ್ಲೋಸ್ ಆಯ್ತು, ಮಾರನೇ ದಿನ ಮಧ್ಯೆ 869 ತನಕ ಇಳಿದು ಕೊನೆಗೆ 880ರ ಹತ್ರ ನಿಂತಿತು. ಮೇಲೇರ್ತಿದ್ದ ನೆಕ್‌ಲೈನ್ ಆ ಹೊತ್ತಿಗೆ 890 ದಾಟಿತ್ತು, ಅಂದ್ರೆ ಕ್ಲೋಸ್ ಲೆಕ್ಕದಲ್ಲಿ ಒಡೆದಿದ್ದು ಒಂದೂವರೆ ಪರ್ಸೆಂಟ್ ಅಷ್ಟೇ. 3% ಆಗಬೇಕು ಅಂದ್ರೆ 865ರ ಹತ್ರ ಕ್ಲೋಸ್ ಆಗಬೇಕಿತ್ತು, ದಿನದ ಮಧ್ಯೆ ಕೂಡ ಅಲ್ಲಿಗೆ ಹೋಗಲಿಲ್ಲ. ಜುಲೈ 13ಕ್ಕೆ 901ಕ್ಕೆ ಎಗರಿ ನೆಕ್‌ಲೈನ್ ಮೇಲೆ ಕೂತಿತು, 16ಕ್ಕೆ 940 ಅಂದ್ರೆ ಬಲ ಭುಜ ದಾಟಿತು, 23ಕ್ಕೆ 976, ತಲೆನೂ ದಾಟಿತು, ಆಗಸ್ಟ್ ಮೊದಲ ವಾರ 1000 ಮೇಲೆ. ಸೆಲ್ ಮಾಡಿ ಕೂತಿದ್ದೋರೆಲ್ಲ ವಾಪಸ್ ಕೊಳ್ಳೋಕೆ ಓಡಿದ್ದೂ ಆ ಏರಿಕೆಗೆ ತುಪ್ಪ ಸುರಿದಂಗಾಯ್ತು.

ಇದರಿಂದ ಫೇಲ್ ಆಗಿದ್ದನ್ನ ಗುರುತು ಹಿಡಿಯೋ ಕ್ರಮನೂ ಸಿಗುತ್ತೆ. ಒಡೆದ ಮೇಲೆ ಬೆಲೆ ಒಂದ್ಸಲ ನೆಕ್‌ಲೈನ್ ತನಕ ವಾಪಸ್ ಬರೋದು ತುಂಬಾ ಮಾಮೂಲಿ, ಪುಲ್‌ಬ್ಯಾಕ್ ಅಂತೀವಿ, ಅದಕ್ಕೆ ಹೆದರಬೇಕಿಲ್ಲ. ಆದ್ರೆ ನೆಕ್‌ಲೈನ್ ಮೇಲೆ ಕ್ಲೋಸ್ ಆಗಿ, ಮಾರನೇ ದಿನನೂ ಮೇಲೇ ನಿಂತ್ರೆ ಅನುಮಾನ ಶುರು ಮಾಡ್ಕೊಳ್ಳಿ, ಬಲ ಭುಜದ ತುದಿ ದಾಟಿದ್ರೆ ಕಥೆ ಮುಗೀತು, ಅಲ್ಲಿ ಇನ್ನೂ ಸೆಲ್ ಹಿಡ್ಕೊಂಡು ಕೂರೋದು ಹಠ ಅಷ್ಟೇ. ನಾನೂ ಒಂದ್ಸಲ ಆ ಹಠ ಮಾಡಿದ್ದೀನಿ, ಬಲ ಭುಜ ದಾಟಿದ ಮೇಲೂ ತಲೆ ದಾಟಲ್ಲ ಬಿಡು ಅಂತ ಕೂತು ಮೂರು ತಿಂಗಳ ಲಾಭ ಒಂದೇ ವಾರದಲ್ಲಿ ತೊಳ್ಕೊಂಡೆ.

ನಿಮ್ಮ ಸ್ಟಾಕಲ್ಲೂ ಮೊದಲ ದಿನ ಒಡೆದಿದ್ದು ಒಂದೂವರೆ ಪರ್ಸೆಂಟೇ, 539ಕ್ಕೆ 531. ಆದ್ರೆ ಮುಂದೆ ಆಗಿದ್ದು ಬೇರೆ. 43ನೇ ಕ್ಯಾಂಡಲಲ್ಲಿ ಅದು 540 ತನಕ ವಾಪಸ್ ಬಂತು, ಆವತ್ತು ನೆಕ್‌ಲೈನ್ 541.50ರಲ್ಲಿತ್ತು, ಗೆರೆಗೆ ಹತ್ರ ಹತ್ರ ತಲೆ ತಾಗಿಸಿ ಕೆಳಗೇ ಕ್ಲೋಸ್ ಆಯ್ತು. ಚಾರ್ಟಲ್ಲಿ ಆ ಕ್ಯಾಂಡಲ್ ಜೂಮ್ ಮಾಡಿ ನೋಡಿ, ಮೇಲೆ ಉದ್ದ ಬತ್ತಿ, ಕೆಳಗೆ ಪುಟ್ಟ ಕೆಂಪು ಬಾಡಿ, ವಾಲ್ಯೂಮ್ ಒಡೆದ ದಿನದ ಅರ್ಧಾನೂ ಇಲ್ಲ. ಅಂದ್ರೆ ವಾಪಸ್ ಏರಿಸೋಕೆ ಯಾರಿಗೂ ಆಸಕ್ತಿ ಇರಲಿಲ್ಲ. ನಿಮಗೆ 520ರ ಅಡ್ಡ ಗೆರೆ ಮಾತ್ರ ಕಾಣ್ತಿದ್ರಿಂದ ಇದು ಪುಲ್‌ಬ್ಯಾಕ್ ಅಂತಾನೇ ಗೊತ್ತಾಗಲಿಲ್ಲ, ನಿಮ್ಮ ಪ್ರಕಾರ ಪ್ಯಾಟರ್ನ್ ಇನ್ನೂ ಒಡೆದೇ ಇರಲಿಲ್ಲವಲ್ಲ.

ನಾನಾಗಿದ್ರೆ ಆ ಪುಲ್‌ಬ್ಯಾಕ್ ಕ್ಯಾಂಡಲಿನ ತಳ 529 ಒಡೆದಾಗ 528ಕ್ಕೆ ಸೆಲ್ ಮಾಡಿ ಸ್ಟಾಪ್‌ನ 549ಕ್ಕೆ ಇಡ್ತಿದ್ದೆ, ನೆಕ್‌ಲೈನ್‌ಗಿಂತ ಸ್ವಲ್ಪ ಮೇಲೆ ಬರೋ ಹಂಗೆ. 21 ರೂಪಾಯಿ ರಿಸ್ಕ್, 453 ತನಕ 75 ರೂಪಾಯಿ ಲಾಭದ ಜಾಗ. ಹಂಗಂತ ನಿಮ್ಮ 518ರ ಎಂಟ್ರಿನೂ ಅಷ್ಟೇನೂ ಕೆಟ್ಟದಲ್ಲ, 3% ಕಾಯೋರೂ ಹೆಚ್ಚುಕಮ್ಮಿ ಅಲ್ಲೇ ಸೆಲ್ ಮಾಡ್ತಿದ್ರು. ಎಲ್ಲಾ ಪ್ಯಾಟರ್ನೂ ಪುಲ್‌ಬ್ಯಾಕ್ ಕೊಡಲ್ಲ ಅನ್ನೋದೂ ನೆನಪಿರಲಿ, ಕೆಲವು ಗ್ಯಾಪ್ ಹಾಕ್ಕೊಂಡು ಸೀದಾ ಇಳಿದು ಹೋಗ್ತಾವೆ, ಅದನ್ನ ಬಿಟ್ಟುಬಿಡೋದು ಅಷ್ಟೇ.

ತೊಂದರೆ ಇದ್ದಿದ್ದು ನಿಮ್ಮ ಸ್ಟಾಪಲ್ಲಿ. ನೀವು 518ಕ್ಕೆ ಸೆಲ್ ಮಾಡಿದ ದಿನ ನೆಕ್‌ಲೈನ್ 544ರಲ್ಲಿತ್ತು, ನಿಮ್ಮ ಸ್ಟಾಪ್ 540, ಗೆರೆಗಿಂತ 4 ರೂಪಾಯಿ ಕೆಳಗೆ. ಅಂದ್ರೆ ಇನ್ನೊಂದು ಮಾಮೂಲಿ ಪುಲ್‌ಬ್ಯಾಕ್ ಬಂದಿದ್ರೂ, ಪ್ಯಾಟರ್ನ್ ಏನೂ ಕೆಡದೇನೇ, ನಿಮ್ಮನ್ನ ಆಚೆ ಹಾಕಿರೋದು. ಸ್ಟಾಪ್ ನೆಕ್‌ಲೈನ್ ಮೇಲಿರಬೇಕು ಅಥವಾ ಬಲ ಭುಜದ ಮೇಲಿರಬೇಕು, ಮಧ್ಯೆ ಎಲ್ಲೋ ಕೈಗೆ ಬಂದ ಕಡೆ ಅಲ್ಲ. ಬಲ ಭುಜದ ಮೇಲೆ 573ಕ್ಕೆ ಇಟ್ರೆ 518ರಿಂದ 55 ರೂಪಾಯಿ ರಿಸ್ಕ್, ಸಿಗೋದು 65, ಅದಕ್ಕೆ ಈ ಟ್ರೇಡ್ ಮಾಡೋ ಹಂಗೇ ಇಲ್ಲ. ಟಾರ್ಗೆಟ್ ಲೆಕ್ಕದ ನಿಜವಾದ ಉಪಯೋಗ ಇದೇ ನೋಡಿ, ಎಲ್ಲಿ ಲಾಭ ತಗೋಬೇಕು ಅನ್ನೋದಕ್ಕಿಂತ ಈ ಟ್ರೇಡ್ ತಗೋಬೇಕಾ ಬೇಡ್ವಾ ಅಂತ ಮೊದಲೇ ಹೇಳುತ್ತೆ. 428 ಅನ್ನೋ ತಪ್ಪು ನಂಬರ್ ಇಟ್ಕೊಂಡಿದ್ದಕ್ಕೆ ನಿಮಗೆ 22ಕ್ಕೆ 90, ಒಂದಕ್ಕೆ ನಾಲ್ಕು ಅಂತ ಭಾರಿ ಚೆನ್ನಾಗಿ ಕಾಣಿಸ್ತು.

ಟಾರ್ಗೆಟ್ ಮುಟ್ಟೇ ಮುಟ್ಟುತ್ತೆ ಅನ್ನೋ ಭರವಸೆನೂ ಯಾರೂ ಕೊಟ್ಟಿಲ್ಲ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿಂದ 1995ರಲ್ಲಿ ಕೆವಿನ್ ಚಾಂಗ್ ಮತ್ತೆ ಕ್ಯಾರಲ್ ಓಸ್ಲರ್ ಅನ್ನೋರು ಈ ಪ್ಯಾಟರ್ನ್‌ನ ಕಂಪ್ಯೂಟರಿಂದ ಹುಡುಕಿಸಿ ಡಾಲರ್ ಎದುರು ಆರು ಕರೆನ್ಸಿ ಮೇಲೆ ಟೆಸ್ಟ್ ಮಾಡಿದ್ರು, ಜರ್ಮನ್ ಮಾರ್ಕ್ ಮತ್ತೆ ಜಪಾನಿನ ಯೆನ್‌ನಲ್ಲಿ ಲಾಭ ಕಾಣಿಸ್ತು, ಉಳಿದ ನಾಲ್ಕರಲ್ಲಿ ಇಲ್ಲ. ಆಮೇಲೆ ಓಸ್ಲರ್ ಅಮೆರಿಕಾ ಷೇರುಗಳ ಮೇಲೂ ನೋಡಿದ್ರು, ಅಲ್ಲಿ ಲಾಭ ಸಿಗಲಿಲ್ಲ. ಅದಕ್ಕೇ ನಾನು ಅರ್ಧ ದೂರದಲ್ಲಿ ಅರ್ಧ ಮಾಲು ಮುಗಿಸ್ತೀನಿ. ನಿಮ್ಮದ್ರಲ್ಲಿ 86ರ ಅರ್ಧ 43, 539ರಿಂದ ಕಳೆದ್ರೆ 496. ಎರಡು ಲಾಟ್ ಇದ್ರೆ ಒಂದನ್ನ ಅಲ್ಲಿ ತೆಗೆದು ಇನ್ನೊಂದರ ಸ್ಟಾಪ್‌ನ ಎಂಟ್ರಿ ಬೆಲೆಗೆ ಇಳಿಸಿದ್ರೆ, 453 ಮುಟ್ಟದೇ 459ರಿಂದ ತಿರುಗಿದ್ರೂ ಕೈಯಿಂದ ಹೋಗೋದು ಏನಿರಲಿಲ್ಲ. ಒಂದೇ ಲಾಟ್ ಇದ್ರೆ ಈ ಆಟ ನಡೆಯಲ್ಲ, ಆಗ ಅರ್ಧ ದೂರ ದಾಟಿದ ಮೇಲೆ ಹಿಂದಿನ ಎರಡು ದಿನದ ಹೈ ಮೇಲೆ ಸ್ಟಾಪ್ ಇಟ್ಕೊಂಡು ದಿನಾ ಇಳಿಸ್ತಾ ಬನ್ನಿ.

ಅಳೆಯೋಕೆ ಮುಂಚೆ ಇನ್ನೊಂದು ನೋಡ್ಕೋಬೇಕು, ಪ್ಯಾಟರ್ನ್ ಮುಂಚೆ ಎಷ್ಟು ಏರಿತ್ತು ಅಂತ. ಇದು ಏರಿಕೆಯನ್ನ ತಿರುಗಿಸೋ ಪ್ಯಾಟರ್ನ್, ಏರಿಕೆನೇ ಇಲ್ಲದಿದ್ರೆ ತಿರುಗಿಸೋದೇನು. ನಿಮ್ಮ ಚಾರ್ಟಲ್ಲಿ 395ರಿಂದ 563ಕ್ಕೆ ಏರಿ ಎಡ ಭುಜ ಕಟ್ಟಿದೆ, 168 ರೂಪಾಯಿ, ಪ್ಯಾಟರ್ನ್ ಎತ್ತರದ ಹತ್ರ ಹತ್ರ ಎರಡು ಪಟ್ಟು, ಅದು ಸರಿ ಇದೆ. ಹಂಗೇ ಆ ಏರಿಕೆ ದಾರೀಲಿ 455ರಿಂದ 470ರ ಮಧ್ಯೆ ಎರಡು ವಾರ ಸುಮ್ಮನೆ ನಿಂತಿತ್ತು ನೋಡಿ, ವಾಪಸ್ ಇಳಿಯೋವಾಗ ಅದೇ ಜಾಗದಲ್ಲಿ ಕೊಳ್ಳೋರು ಸಿಕ್ಕಿದ್ದಾರೆ, 459ಕ್ಕೆ ತಿರುಗಿದ್ದು ಆಶ್ಚರ್ಯ ಏನಲ್ಲ. ಟಾರ್ಗೆಟ್ ಇಂಥ ಜಾಗದ ಒಳಗೆ ಬಿದ್ರೆ ಆ ಜಾಗದ ಮೇಲಿನ ಅಂಚಲ್ಲೇ ಮುಗಿಸ್ಕೊಳ್ಳೋದು ವಾಸಿ, ಇಲ್ಲಿ 470.

ಇನ್ನು ನೀವು ಫ್ಯೂಚರ್ಸ್ ಚಾರ್ಟ್ ಮೇಲೇ ಗೆರೆ ಎಳೆದಿದ್ದೀರಾ ಅಂತ ಅನುಮಾನ, ಹಂಗಿದ್ರೆ ಬಿಡಿ ಆ ಅಭ್ಯಾಸ. ತಿಂಗಳ ಎಕ್ಸ್‌ಪೈರಿಗೆ ಕಾಂಟ್ರಾಕ್ಟ್ ಬದಲಾದಾಗ ಪ್ರೀಮಿಯಂನಿಂದ ಬೆಲೆ ಜಿಗಿಯುತ್ತೆ, ಎರಡು ತಿಂಗಳ ಪ್ಯಾಟರ್ನಲ್ಲಿ ಒಂದು ತಗ್ಗು ಒಂದು ಕಾಂಟ್ರಾಕ್ಟ್ ಮೇಲೆ ಇನ್ನೊಂದು ತಗ್ಗು ಇನ್ನೊಂದರ ಮೇಲೆ ಇರುತ್ತೆ. ಗೆರೆ ಕ್ಯಾಶ್ ಚಾರ್ಟ್ ಮೇಲೆ ಎಳೀರಿ, ಆರ್ಡರ್ ಫ್ಯೂಚರ್ಸಲ್ಲಿ ಹಾಕಿ. ಪುಟ್ ಕೊಳ್ಳೋರಿಗೆ ಬೇರೆ ಕಷ್ಟ ಇದೆ, ಈ ಲೆಕ್ಕ ಎಷ್ಟು ಇಳಿಯಬಹುದು ಅಂತ ಹೇಳುತ್ತೆ, ಯಾವಾಗ ಅಂತ ಹೇಳಲ್ಲ, ಪುಲ್‌ಬ್ಯಾಕ್ ಅಂತ ಹತ್ತು ದಿನ ಹೋದ್ರೆ ಅಷ್ಟರಲ್ಲಿ ಪುಟ್‌ನ ಬೆಲೆ ಕರಗಿರುತ್ತೆ. ಹಾಗೇ ಮಧ್ಯೆ ಬೋನಸ್, ಸ್ಪ್ಲಿಟ್ ಬಂದಿದ್ರೆ ಹಳೇ ಬೆಲೆ ಅಡ್ಜಸ್ಟ್ ಆಗಿದ್ಯಾ ನೋಡಿ, ಬರೆದಿಟ್ಟ ಹಳೇ ನಂಬರಿಂದ ಅಳೀಬೇಡಿ.

ತಲೆಕೆಳಗಾದ ಪ್ಯಾಟರ್ನಿಗೂ ಲೆಕ್ಕ ಇದೇ, ಕೊನೇಲಿ ಎತ್ತರನ ಕಳೆಯೋ ಬದಲು ಕೂಡ್ತೀರಿ ಅಷ್ಟೇ, ಎಕ್ಸೆಲ್ ಸೂತ್ರನ ಮಾತ್ರ ಹಂಗೇ ಬಿಡಿ, ಅಲ್ಲಿ ಎತ್ತರ ಮೈನಸ್ ಬರೋದ್ರಿಂದ ಕಳೆದ್ರೂ ಕೂಡಿದಂಗೇ ಆಗುತ್ತೆ. ಆದ್ರೆ ಅಲ್ಲಿ ಒಡೆಯೋವಾಗ ವಾಲ್ಯೂಮ್ ಬರಲೇಬೇಕು ಅಂತ ನಾನು ನೋಡ್ತೀನಿ, ಇಳಿಯೋಕೆ ಕೊಳ್ಳೋರು ಇಲ್ಲದಿದ್ರೆ ಸಾಕು, ಏರೋಕೆ ಯಾರಾದ್ರೂ ದುಡ್ಡು ಹಾಕಬೇಕು.

ಈಗ ಮತ್ತೆ ಸೆಲ್ ಮಾಡಬಹುದಾ ಅಂದ್ರಿ. ಗೆರೆ ಇವತ್ತಿಗೆ 554ರ ಹತ್ರ ಬಂದಿದೆ, ಬೆಲೆ 540, ಕಣ್ಣಿಗೆ ಇನ್ನೊಂದು ಪುಲ್‌ಬ್ಯಾಕ್ ತರಾನೇ ಕಾಣುತ್ತೆ, ಅದೇ ಆಸೆ ಹುಟ್ಟಿಸ್ತಿರೋದು. ಆದ್ರೆ ಪ್ಯಾಟರ್ನ್ ತನ್ನ ಎತ್ತರ ಹೆಚ್ಚುಕಮ್ಮಿ ನಡೆದು ಮುಗಿಸಿ 459ರಿಂದ 81 ರೂಪಾಯಿ ಎದ್ದು ಬಂದಿದೆ, ಒಂದೇ ಪ್ಯಾಟರ್ನ್‌ನ ಎರಡನೇ ಸಲ ಅಳೆಯೋಕೆ ಬರಲ್ಲ, ಆ 453 ಈಗ ಲೆಕ್ಕಕ್ಕಿಲ್ಲ. ನಾನು ಮಾಡಲ್ಲ. ಚಾರ್ಟಿಂದ ಆ ಗೆರೆ ಅಳಿಸಿಬಿಡಿ, ಮುಂದೆ ಹೊಸದಾಗಿ ಏನು ಕಟ್ಟುತ್ತೋ ನೋಡಿ, ಕಟ್ಟಿದಾಗ ಕ್ಯಾಶ್ ಚಾರ್ಟ್ ಕಳಿಸಿ.